ಟೊಮೆಟೊಗೆ ಡ್ರಿಪ್ ಎಷ್ಟು ನಿಮಿಷ ಬಿಡಬೇಕು? ಬೆಳೆಯ ದಾಹದಿಂದ ಲೆಕ್ಕ ಹಾಕುವ ರೀತಿ

ಡ್ರಿಪ್ ಹಾಕಿಸಿಕೊಂಡ ಮೇಲೂ ಬಹಳ ಜನ ನೀರು ಬಿಡೋದು ಅಭ್ಯಾಸದ ಮೇಲೆ. ನಾಟಿ ಮಾಡಿದ ದಿನದಿಂದ ಕೊನೆಯ ಕೊಯ್ಲಿನವರೆಗೂ ದಿನಕ್ಕೆ ಒಂದು ಗಂಟೆ, ಅಷ್ಟೇ. ಮೊದಲ ತಿಂಗಳು ಅದು ಮೂರು ಪಟ್ಟು ಜಾಸ್ತಿಯಾಗಿ, ಗೊಬ್ಬರವನ್ನೂ ಎಳೆದುಕೊಂಡು ಬೇರಿನ ಕೆಳಗೆ ಇಳಿದುಹೋಗುತ್ತದೆ. ಕಾಯಿ ದಪ್ಪವಾಗುವ ಹೊತ್ತಿಗೆ ಅದೇ ಒಂದು ಗಂಟೆ ಅರ್ಧಕ್ಕೂ ಸಾಲೋದಿಲ್ಲ.

ಇದಕ್ಕೆ ಮದ್ದು ಇಟಿ ಲೆಕ್ಕ. ಮಣ್ಣಿನ ಮೇಲಿಂದ ಆವಿಯಾಗುವ ನೀರು, ಎಲೆಗಳ ಮೂಲಕ ಗಿಡ ಹೊರಬಿಡುವ ನೀರು, ಇವೆರಡೂ ಸೇರಿದ್ದೇ ಇಟಿ. ಮಳೆಯ ಹಾಗೆ ಇದನ್ನೂ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿ.ಮೀ. ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಇದೊಂದು ನೆನಪಿದ್ದರೆ ಮುಂದಿನದೆಲ್ಲ ಗುಣಾಕಾರ, ಭಾಗಾಕಾರ ಅಷ್ಟೇ.

ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ಟೊಮೆಟೊ, ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್, ಗಿಡದಿಂದ ಗಿಡಕ್ಕೆ 40 ಸೆಂ.ಮೀ. ಪ್ರತಿ ಸಾಲಿನುದ್ದಕ್ಕೂ ಒಂದು ಲ್ಯಾಟರಲ್ ಪೈಪ್, ಅದರಲ್ಲಿ 40 ಸೆಂ.ಮೀ.ಗೊಂದು ಡ್ರಿಪ್ಪರ್, ಗಂಟೆಗೆ 2 ಲೀಟರ್ ಅಂತ ಬರೆದಿರುವಂಥದ್ದು. ಮಣ್ಣು ಮರಳು ಮಿಶ್ರಿತ ಗೋಡು. ಜಾಗ 4,000 ಚದರ ಮೀಟರ್, ಸುಮಾರು ಒಂದು ಎಕರೆ. ಮಲ್ಚಿಂಗ್ ಶೀಟ್ ಹಾಕಿಲ್ಲ ಅಂದುಕೊಳ್ಳಿ.

ಮೊದಲು ನಿಮ್ಮ ಡ್ರಿಪ್ ನಿಜವಾಗಿ ಎಷ್ಟು ಕೊಡುತ್ತದೆ ಅಂತ ಅಳೆಯಿರಿ

ಎಲ್ಲರೂ ಬೆಳೆಯ ಲೆಕ್ಕದಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಇಲ್ಲಿಂದ ಶುರು ಮಾಡಬೇಕು. ಡ್ರಿಪ್ಪರ್ ಮೇಲೆ 2 ಲೀಟರ್ ಅಂತ ಇದ್ದ ಮಾತ್ರಕ್ಕೆ 2 ಲೀಟರ್ ಬರೋದಿಲ್ಲ. ಒತ್ತಡ ಕಡಿಮೆ ಇರಬಹುದು, ಫಿಲ್ಟರ್ ಕಟ್ಟಿರಬಹುದು, ಹಳೆಯ ಪೈಪಾದರೆ ಒಳಗೆ ಉಪ್ಪು ಕೂತಿರಬಹುದು. ಇಲ್ಲಿ ತಪ್ಪಿದರೆ ಆಮೇಲೆ ಬೆಳೆಯ ಲೆಕ್ಕ ಎಷ್ಟು ಸರಿಯಾಗಿ ಮಾಡಿದರೂ ಉತ್ತರ ತಪ್ಪೇ.

ಪಂಪ್ ಹಾಕಿ, ಒತ್ತಡ ಸ್ಥಿರವಾಗುವವರೆಗೆ ಕಾಯಿರಿ. ಒಂದು ಬ್ಲಾಕಿನಲ್ಲಿ ನಾಲ್ಕು ಲ್ಯಾಟರಲ್ ಆರಿಸಿಕೊಳ್ಳಿ: ಅವಕ್ಕೆ ನೀರು ತರುವ ಸಬ್‌ಮೇನ್‌ನ ಆರಂಭದಲ್ಲಿ ಒಂದು, ಕೊನೆಯಲ್ಲಿ ಒಂದು, ನಡುವೆ ಎರಡು. ಪ್ರತಿಯೊಂದರಲ್ಲೂ ಮೊದಲು, ಮೂರನೇ ಒಂದು ಭಾಗ ದಾಟಿದಲ್ಲಿ, ಮೂರನೇ ಎರಡು ಭಾಗ ದಾಟಿದಲ್ಲಿ, ಕೊನೆಯಲ್ಲಿ, ಹೀಗೆ ನಾಲ್ಕು ಡ್ರಿಪ್ಪರ್. ಒಟ್ಟು 16. ಪ್ರತಿ ಡ್ರಿಪ್ಪರ್ ಕೆಳಗೆ ಸಣ್ಣ ಗುಂಡಿ ತೆಗೆದು ಡಬ್ಬ ಇಟ್ಟು, ಸರಿಯಾಗಿ 6 ನಿಮಿಷ ನೀರು ಹಿಡಿಯಿರಿ. ನೀರು ಪೈಪಿನ ಹೊಟ್ಟೆಗುಂಟ ಹರಿದು ಡಬ್ಬದ ಆಚೆ ಬೀಳದ ಹಾಗೆ ಡ್ರಿಪ್ಪರಿನ ಎರಡೂ ಕಡೆ ಒಂದು ದಾರ ಕಟ್ಟಿದರೆ ಒಳ್ಳೆಯದು. ಆರೇ ನಿಮಿಷ ಯಾಕೆ ಅಂದರೆ ಅದು ಗಂಟೆಯ ಹತ್ತನೇ ಒಂದು ಭಾಗ, ಬಂದ ಮಿಲಿಲೀಟರನ್ನು ಹತ್ತರಿಂದ ಗುಣಿಸಿದರೆ ಗಂಟೆಯ ಲೆಕ್ಕ ಸಿಕ್ಕಿಬಿಡುತ್ತದೆ.

ನಮ್ಮ ಉದಾಹರಣೆಯಲ್ಲಿ 16 ಡಬ್ಬದ ಸರಾಸರಿ 180 ಮಿ.ಲೀ. ಅಂದರೆ ಗಂಟೆಗೆ 1.8 ಲೀಟರ್. ಅತಿ ಕಡಿಮೆ ಬಂದ ನಾಲ್ಕು ಡಬ್ಬದ ಸರಾಸರಿ ಮಾತ್ರ 158 ಮಿ.ಲೀ. ಈ 158ನ್ನು 180ರಿಂದ ಭಾಗಿಸಿದರೆ 0.88. ಇದು ನಿಮ್ಮ ವ್ಯವಸ್ಥೆಯ ಸಮತೆ, ಅಂದರೆ ನೀರು ಎಲ್ಲ ಗಿಡಕ್ಕೂ ಎಷ್ಟು ಒಂದೇ ಸಮ ಹೋಗುತ್ತಿದೆ ಅನ್ನೋದರ ಅಳತೆ. ಸುಮಾರು 0.9 ಬಂದರೆ ಚೆನ್ನಾಗಿದೆ. 0.8ಕ್ಕಿಂತ ಕೆಳಗೆ ಬಂದರೆ ಲೆಕ್ಕ ಅಲ್ಲಿಗೇ ನಿಲ್ಲಿಸಿ, ಮೊದಲು ಫಿಲ್ಟರ್ ತೊಳೆದು, ಲ್ಯಾಟರಲ್ ತುದಿಗಳನ್ನು ಬಿಚ್ಚಿ ಫ್ಲಶ್ ಮಾಡಿ, ಮತ್ತೆ ಅಳೆಯಿರಿ. ಕಟ್ಟಿದ ಡ್ರಿಪ್ಪರಿಗೆ ಜಾಸ್ತಿ ನಿಮಿಷ ಕೊಟ್ಟು ಸರಿಮಾಡಲು ಹೋದರೆ ಚೆನ್ನಾಗಿರುವ ಡ್ರಿಪ್ಪರಿನ ಗಿಡಗಳು ಕೆಸರಲ್ಲಿ ನಿಲ್ಲುತ್ತವೆ.

ಈಗ ಲೀಟರನ್ನು ಮಿ.ಮೀ.ಗೆ ತರೋಣ. ಒಂದು ಡ್ರಿಪ್ಪರ್ ನೋಡಿಕೊಳ್ಳುವ ಜಾಗ 1.5 × 0.4 = 0.6 ಚದರ ಮೀಟರ್. ಗಂಟೆಗೆ 1.8 ಲೀಟರನ್ನು 0.6ರಿಂದ ಭಾಗಿಸಿದರೆ ಗಂಟೆಗೆ 3 ಮಿ.ಮೀ. ಈ ಸಂಖ್ಯೆಯನ್ನು ಪಂಪ್‌ಹೌಸ್ ಗೋಡೆಯ ಮೇಲೆ ಬರೆದಿಡಿ, ಬೆಳೆ ಮುಗಿಯುವವರೆಗೂ ಬೇಕಾಗುತ್ತದೆ.

ಹವಾಮಾನ ಎಷ್ಟು ನೀರು ಎಳೆಯುತ್ತಿದೆ?

ಬಿಸಿಲು, ಗಾಳಿ, ತೇವಾಂಶ, ಉಷ್ಣಾಂಶ ಇವೆಲ್ಲ ಸೇರಿ ಹಸಿರಾಗಿ ಒತ್ತಾಗಿ ಬೆಳೆದ, 12 ಸೆಂ.ಮೀ. ಎತ್ತರದ ಹುಲ್ಲಿನ ಮೈದಾನದಿಂದ ದಿನಕ್ಕೆ ಎಷ್ಟು ನೀರು ಎಳೆಯುತ್ತವೆ ಅನ್ನೋದೇ ಆಧಾರ ಇಟಿ. ಹವಾಮಾನ ಕೇಂದ್ರಗಳ ಪರದೆಯಲ್ಲಿ ಇದು `ET0` ಅಥವಾ `ETo` ಅಂತ ಕಾಣುತ್ತದೆ. ಹತ್ತಿರದ ಕೇಂದ್ರದಿಂದ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕೆಲವು ಕಡೆ `ETr` ಅಂತ ಇರುತ್ತದೆ, ಅದು ಹುಲ್ಲಿನದಲ್ಲ, ಎತ್ತರದ ಕುದುರೆಮೆಂತ್ಯದ ಲೆಕ್ಕ. ಅದು `ET0`ಗಿಂತ ಹೆಚ್ಚೇ ಇರುತ್ತದೆ. ಕೆಳಗಿನ ಗುಣಾಂಕಗಳನ್ನು ಅದರ ಜೊತೆ ಸೇರಿಸಬೇಡಿ.

ಕೇಂದ್ರ ಇಲ್ಲದಿದ್ದರೆ ಬಾಷ್ಪೀಭವನ ಪ್ಯಾನ್ ಸಾಕು. ಕ್ಲಾಸ್ ಎ ಪ್ಯಾನ್ ಅಂದರೆ 120.7 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಲೋಹದ ದುಂಡನೆಯ ತೊಟ್ಟಿ. ಮರದ ಚೌಕಟ್ಟಿನ ಮೇಲೆ, ನೆರಳು ಬೀಳದ ಕಡೆ ಇಡಬೇಕು. ಪ್ರತಿದಿನ ಬೆಳಿಗ್ಗೆ ಅದೇ ಹೊತ್ತಿಗೆ ನೀರು ಎಷ್ಟು ಮಿ.ಮೀ. ಇಳಿದಿದೆ ಅಂತ ನೋಡಿ ಬರೆದುಕೊಳ್ಳಿ. ಮಳೆ ಬಂದಿದ್ದರೆ ಮಳೆಮಾಪಕದ ಅಳತೆಯನ್ನು ಅದಕ್ಕೆ ಕೂಡಿಸಿ. ನಾಯಿ, ಹಕ್ಕಿ ಬಂದು ನೀರು ಕುಡಿಯದ ಹಾಗೆ ಮೇಲೆ ಜಾಲರಿ ಬೇಕು, ಇಲ್ಲದಿದ್ದರೆ ನೀವು ಅಳೆಯೋದು ಅವುಗಳ ಬಾಯಾರಿಕೆ.

ತೊಟ್ಟಿಯ ನೀರು ಹುಲ್ಲಿಗಿಂತ ಬೇಗ ಆವಿಯಾಗುತ್ತದೆ. ಹಾಗಾಗಿ ಪ್ಯಾನಿನ ಅಂಕಿಯನ್ನು ಸಾಮಾನ್ಯವಾಗಿ 0.7ರಿಂದ ಗುಣಿಸುತ್ತಾರೆ. ಸುತ್ತ ಬೋಳು ನೆಲ, ಜೋರು ಗಾಳಿ, ಒಣ ಹವೆ ಇದ್ದರೆ ಈ 0.7 ಇನ್ನೂ ಕಡಿಮೆ ಮಾಡಬೇಕು. ಸುತ್ತ ಹಸಿರಿದ್ದು ಗಾಳಿ ಕಡಿಮೆ ಇದ್ದರೆ ಸ್ವಲ್ಪ ಏರಿಸಬಹುದು. ಪ್ಯಾನ್ ಅಂಕಿಯನ್ನೇ ನೇರವಾಗಿ ಇಟಿ ಅಂತ ಹಿಡಿದುಬಿಟ್ಟರೆ ಅಲ್ಲೇ ನೂರಕ್ಕೆ ನಲವತ್ತರಷ್ಟು ನೀರು ಜಾಸ್ತಿ ಆಯಿತು.

ನಮ್ಮ ಉದಾಹರಣೆಯಲ್ಲಿ ಕಳೆದ ಏಳು ದಿನಕ್ಕೆ ಪ್ಯಾನ್ ಒಟ್ಟು 49 ಮಿ.ಮೀ. ಇಳಿದಿದೆ. ದಿನಕ್ಕೆ 7. ಅದನ್ನು 0.7ರಿಂದ ಗುಣಿಸಿದರೆ 4.9 ಮಿ.ಮೀ. ಕಳೆದ ವಾರದ ಸರಾಸರಿಯನ್ನೇ ಈ ವಾರಕ್ಕೆ ಬಳಸಬಹುದು, ಹವೆ ಒಂದೇ ಸಮ ಇರುವಾಗ ಇದರಿಂದ ದೊಡ್ಡ ವ್ಯತ್ಯಾಸ ಆಗೋದಿಲ್ಲ. ಒಣಗಾಳಿ ಬೀಸಲು ಶುರುವಾದರೆ ಅಥವಾ ಮೋಡ ಕವಿದು ಕೂತರೆ ಮಾತ್ರ ವಾರ ಕಾಯಬೇಡಿ.

ಟೇಬಲ್‌ನಲ್ಲಿರುವ 0.6 ಡ್ರಿಪ್‌ಗೆ ಹೊಂದೋದಿಲ್ಲ

ಹುಲ್ಲಿನ ಇಟಿಯನ್ನು ಟೊಮೆಟೊ ಇಟಿ, ಅಂದರೆ `ETc` ಮಾಡಲು ಬೆಳೆ ಗುಣಾಂಕದಿಂದ ಗುಣಿಸಬೇಕು. ಇದೇ `Kc`. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಹೊರತಂದ 56ನೇ ನೀರಾವರಿ ಕೈಪಿಡಿಯಲ್ಲಿ ಟೊಮೆಟೊಗೆ ಆರಂಭದಲ್ಲಿ 0.6, ಗಿಡ ತುಂಬಿ ಕಾಯಿ ಬಿಡುವಾಗ 1.15, ಕೊನೆಯಲ್ಲಿ 0.7ರಿಂದ 0.9 ಅಂತ ಇದೆ. ಆರಂಭ, ಬೆಳವಣಿಗೆ, ನಡು, ಕೊನೆ, ಈ ನಾಲ್ಕು ಹಂತಗಳನ್ನು 30, 40, 45, 30 ದಿನ ಅಂತ ಹಿಡಿಯಬಹುದು. ಇದೇ ಕೈಪಿಡಿಯಲ್ಲಿ ದೊಣ್ಣೆಮೆಣಸು, ಬದನೆ, ಎಲೆಕೋಸಿಗೆ ನಡುಹಂತದ ಗುಣಾಂಕ 1.05, ಸೌತೆಗೆ 1.0. ಲೆಕ್ಕದ ದಾರಿ ಎಲ್ಲಕ್ಕೂ ಒಂದೇ.

ಎಲ್ಲರೂ ಎಡವೋದು ಆರಂಭದ 0.6ರಲ್ಲಿ. ಎಳೆ ಸಸಿ ಎಲೆಯಿಂದ ಹೊರಬಿಡುವ ನೀರು ಎಷ್ಟು ಮಹಾ? ಆ 0.6ರಲ್ಲಿ ಬಹುಪಾಲು ಒದ್ದೆ ಮಣ್ಣಿನಿಂದ ಸುಮ್ನೆ ಆವಿಯಾಗುವ ನೀರೇ. ನೆಲ ಪೂರ್ತಿ ಒದ್ದೆಯಾಗುವ ನೀರಾವರಿಯಲ್ಲಿ ಅದು ಸರಿ. ಡ್ರಿಪ್‌ನಲ್ಲಿ ಒದ್ದೆಯಾಗೋದು ಒಂದು ಪಟ್ಟಿ ಮಾತ್ರ, ಸಾಲಿನ ನಡುವಿನ ಜಾಗ ಒಣಗಿಯೇ ಇರುತ್ತದೆ, ಅಲ್ಲಿಂದ ಆವಿಯಾಗಲು ನೀರೇ ಇಲ್ಲ ಅಲ್ವಾ? ಹಾಗಾಗಿ ಆರಂಭದ ಗುಣಾಂಕವನ್ನು ಒದ್ದೆಯಾದ ಪಾಲಿನಿಂದ ಗುಣಿಸಬೇಕು. ಅದೇ ಕೈಪಿಡಿ ಇದನ್ನೂ ಹೇಳುತ್ತದೆ, ಟೇಬಲ್ ನೋಡಿ ಪುಟ ಮುಚ್ಚಿದವರಿಗೆ ಸಿಗೋದಿಲ್ಲ ಅಷ್ಟೇ.

ನೀರು ಬಿಟ್ಟ ಮೇಲೆ ಟೇಪ್ ಹಿಡಿದು ಒದ್ದೆ ಪಟ್ಟಿಯ ಅಗಲ ಅಳೆಯಿರಿ. ನಮ್ಮಲ್ಲಿ 45 ಸೆಂ.ಮೀ. ಬಂತು ಅಂದುಕೊಳ್ಳಿ. ಸಾಲಿನ ಅಂತರ 150 ಸೆಂ.ಮೀ. ಪಾಲು 0.3. ಆದ್ದರಿಂದ ಆರಂಭದ ಗುಣಾಂಕ 0.6 × 0.3 = 0.18. ಇಲ್ಲಿಂದ 1.15ರವರೆಗೆ 40 ದಿನದಲ್ಲಿ ನೇರ ಗೆರೆಯಲ್ಲಿ ಏರುತ್ತದೆ. ನಾಟಿಯಾಗಿ 50ನೇ ದಿನ ಅಂದರೆ ಆ 40ರಲ್ಲಿ 20 ದಿನ, ಸರಿಯಾಗಿ ಅರ್ಧ ದಾರಿ. 0.18 ಮತ್ತು 1.15ರ ನಡುವಿನ ಅಂಕಿ 0.665.

ಈಗ ನಿಮಿಷಕ್ಕೆ ಬರೋಣ:

```
ETc = ET0 × Kc
ನಿಮಿಷ = ETc ÷ ಸಮತೆ ÷ (ಗಂಟೆಗೆ ಮಿ.ಮೀ.) × 60

10ನೇ ದಿನ: 4.9 × 0.18  = 0.88;  0.88 ÷ 0.88 ÷ 3 × 60 = 20
50ನೇ ದಿನ: 4.9 × 0.665 = 3.26;  3.26 ÷ 0.88 ÷ 3 × 60 = 74
80ನೇ ದಿನ: 4.9 × 1.15  = 5.64;  5.64 ÷ 0.88 ÷ 3 × 60 = 128
```

ಅದೇ ಬಿಸಿಲು, ಅದೇ ಪೈಪು, ಆದರೆ ಹತ್ತನೇ ದಿನ 20 ನಿಮಿಷ, ಎಂಬತ್ತನೇ ದಿನ ಎರಡು ಗಂಟೆಗೂ ಮೇಲೆ. ಟೇಬಲ್‌ನ 0.6ನ್ನೇ ನಂಬಿದ್ದರೆ ಹತ್ತನೇ ದಿನವೇ 67 ನಿಮಿಷ ಬಿಡುತ್ತಿದ್ದಿರಿ. ಒಂದು ಎಚ್ಚರಿಕೆ: 20 ನಿಮಿಷ ಸಾಕಾಗೋದು ನಾಟಿಗೆ ಮುಂಚೆ ಏರುಮಡಿಯನ್ನು ಒಂದೂವರೆ ಅಡಿ ಆಳದವರೆಗೆ ಚೆನ್ನಾಗಿ ನೆನೆಸಿದ್ದರೆ ಮಾತ್ರ. ಜೊತೆಗೆ ಸಸಿಯ ಬೇರುಂಡೆ ಡ್ರಿಪ್ಪರಿನ ಪಕ್ಕದಲ್ಲೇ ಇರಬೇಕು. ಗಿಡ ಒಂದು ಕಡೆ, ಡ್ರಿಪ್ಪರ್ ಒಂದು ಗೇಣು ಆಚೆ ಇದ್ದರೆ ಆ ನೀರು ಸಸಿಗೆ ಸಿಗೋದಿಲ್ಲ. ಬೇರು ಹಿಡಿಯುವ ಮೊದಲ ವಾರ ಲೆಕ್ಕಕ್ಕಿಂತ ಕಣ್ಣನ್ನು ನಂಬಿ.

ದಿನದ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ತಳಿ, ಚಳಿ, ರೋಗ ಎಲ್ಲ ಬೆಳವಣಿಗೆಯನ್ನು ಹಿಂದೆ ಮುಂದೆ ಮಾಡುತ್ತವೆ. ಅದಕ್ಕೆ ನೆರಳು ಅಳೆಯೋದು ಒಳ್ಳೆಯ ಉಪಾಯ. ನಡುಮಧ್ಯಾಹ್ನ ಗಿಡದ ಸಾಲಿನ ನೆರಳು ನೆಲದ ಮೇಲೆ ಎಷ್ಟು ಅಗಲ ಬಿದ್ದಿದೆ ನೋಡಿ, ಸಾಲಿನ ಅಂತರದಿಂದ ಭಾಗಿಸಿ. ನೆರಳು ನೂರಕ್ಕೆ ಹತ್ತು ಇರುವವರೆಗೆ ಆರಂಭದ ಹಂತ, ನೂರಕ್ಕೆ ಎಂಬತ್ತರ ಹತ್ತಿರ ಬಂದರೆ ಪೂರ್ತಿ ಗುಣಾಂಕ, ನಡುವೆ ನೇರ ಗೆರೆ. 50ನೇ ದಿನ ನೆರಳು 67 ಸೆಂ.ಮೀ. ಇದ್ದರೆ ಅದು ನೂರಕ್ಕೆ 45, ಎರಡೂ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತವೆ. ಆದರೆ ಗಿಡ ಹಿಂದೆ ಬಿದ್ದು ನೆರಳು 45 ಸೆಂ.ಮೀ. ಮಾತ್ರ ಇದ್ದರೆ ನೂರಕ್ಕೆ 30, ಗುಣಾಂಕ ಸುಮಾರು 0.46, ಆಗ 74 ನಿಮಿಷದ ಬದಲು 51 ಸಾಕು. ದಿನ ಮತ್ತು ನೆರಳು ಜಗಳ ಆಡಿದರೆ ನಾನು ನೆರಳಿನ ಪರ.

ಮಲ್ಚಿಂಗ್ ಶೀಟ್ ಹಾಕಿದ್ದರೆ ಪೂರ್ತಿ ಬೆಳೆದ ಹಂತದ ಗುಣಾಂಕವನ್ನೂ ನೂರಕ್ಕೆ 10ರಿಂದ 30 ಕಡಿಮೆ ಮಾಡಬಹುದು. ಮೊದಲು 10 ಕಡಿಮೆ ಮಾಡಿ, ಮಣ್ಣು ಏನು ಹೇಳುತ್ತದೆ ನೋಡಿ, ಆಮೇಲೆ ಇನ್ನಷ್ಟು ಇಳಿಸಿ.

ಲೆಕ್ಕ ಸರಿಯಾಯಿತಾ ಅಂತ ನೋಡಲು ನೀರಿನ ಮೀಟರ್ ಇದ್ದರೆ ಸುಲಭ. 50ನೇ ದಿನ ಬಿಡಬೇಕಾದದ್ದು 3.7 ಮಿ.ಮೀ., 4,000 ಚದರ ಮೀಟರಿಗೆ 14,800 ಲೀಟರ್. ಮೀಟರ್ ಅದಕ್ಕಿಂತ ಬಹಳ ಜಾಸ್ತಿ ತೋರಿಸಿದರೆ ಎಲ್ಲೋ ಪೈಪ್ ಒಡೆದಿದೆ. ಬಹಳ ಕಡಿಮೆ ತೋರಿಸಿದರೆ ಒತ್ತಡ ಬಿದ್ದಿದೆ ಅಥವಾ ಡ್ರಿಪ್ಪರ್ ಕಟ್ಟಿವೆ.

ಒಂದೇ ಸಲವೋ, ಎರಡು ಸಲವೋ?

ಇದನ್ನು ಮಣ್ಣು ತೀರ್ಮಾನಿಸುತ್ತದೆ. ನೀರು ಬಿಟ್ಟ ಮರುದಿನ ಬೆಳಿಗ್ಗೆ, ಮತ್ತೆ ನೀರು ಬಿಡುವ ಮೊದಲು, ಲ್ಯಾಟರಲ್‌ಗೆ ಅಡ್ಡವಾಗಿ ಎರಡು ಅಡಿ ಆಳದ ಗುಂಡಿ ತೋಡಿ ಗೋಡೆಯನ್ನು ನೋಡಿ. ಒದ್ದೆ ಭಾಗ ಈರುಳ್ಳಿ ಗೆಡ್ಡೆಯ ಆಕಾರದಲ್ಲಿ ಕಾಣುತ್ತದೆ. ಮರಳು ಮಣ್ಣಿನಲ್ಲಿ ಅದು ಸಣ್ಣಗೆ ಉದ್ದಕ್ಕೆ ಇಳಿದಿರುತ್ತದೆ, ಜೇಡಿಯಲ್ಲಿ ಅಗಲಕ್ಕೆ ಹರಡಿರುತ್ತದೆ. ಬಿಳಿ ಎಳೆಬೇರುಗಳು ಎಲ್ಲಿಯವರೆಗೆ ಇವೆ ಅಂತಲೂ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಮರಳುಗೋಡಿನಲ್ಲಿ ಬೇರು ಇರುವ ಜಾಗ 40 ಸೆಂ.ಮೀ. ಅಗಲ, 30 ಸೆಂ.ಮೀ. ಆಳ ಅಂದುಕೊಳ್ಳಿ. ಒಂದು ಡ್ರಿಪ್ಪರಿಗೆ ಸಿಗುವ 40 ಸೆಂ.ಮೀ. ಉದ್ದಕ್ಕೆ ಅದು 48 ಲೀಟರ್ ಮಣ್ಣು. ಇಂಥ ಮಣ್ಣು ಗಿಡಕ್ಕೆ ಸಿಗುವ ಹಾಗೆ ಹಿಡಿದಿಟ್ಟುಕೊಳ್ಳುವ ನೀರು ಅದರ ಗಾತ್ರದ ನೂರಕ್ಕೆ 12ರಷ್ಟು, ಅಂದರೆ ಸುಮಾರು 5.8 ಲೀಟರ್. ಅಷ್ಟನ್ನೂ ಖಾಲಿಯಾಗಲು ಬಿಡಬಾರದು. ತರಕಾರಿಗೆ ನೂರಕ್ಕೆ 30 ಖಾಲಿಯಾದಾಗಲೇ ಮತ್ತೆ ತುಂಬಬೇಕು. ಅದು 1.7 ಲೀಟರ್.

50ನೇ ದಿನ ಗಿಡದ ದಾಹ 3.26 × 0.6, ಅಂದರೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ. ಒಂದೇ ಸಲ ಕೊಟ್ಟರೆ ಸಂಜೆ ಹೊತ್ತಿಗೆ ಮಿತಿ ದಾಟಿ ಒಣಗುತ್ತದೆ. ಆದ್ದರಿಂದ 37 ನಿಮಿಷದಂತೆ ಎರಡು ಸಲ, ಬೆಳಿಗ್ಗೆ ಬಿಸಿಲೇರುವ ಮುಂಚೆ ಒಮ್ಮೆ, ಮಧ್ಯಾಹ್ನಕ್ಕೆ ಒಮ್ಮೆ. 80ನೇ ದಿನ ದಾಹ 3.4 ಲೀಟರ್, ಆಗಲೂ 64 ನಿಮಿಷದಂತೆ ಎರಡು ಸಲ. ಅದೇ ಜೇಡಿಗೋಡು ಆಗಿದ್ದು ಬೇರು 60 ಸೆಂ.ಮೀ. ಅಗಲ, 40 ಆಳ ಹರಡಿದ್ದರೆ, ಗಾತ್ರದ ನೂರಕ್ಕೆ 17 ನೀರು ಹಿಡಿಯುವ ಲೆಕ್ಕದಲ್ಲಿ ಬಳಸಬಹುದಾದ ನೀರು 4.9 ಲೀಟರ್ ಆಗುತ್ತದೆ. ಆಗ 50ನೇ ದಿನ ಎರಡು ದಿನಕ್ಕೊಮ್ಮೆ, 80ನೇ ದಿನ ದಿನಕ್ಕೊಮ್ಮೆ ಬಿಟ್ಟರೆ ನಡೆಯುತ್ತದೆ.

ಹಾಗಂತ ದಿನಕ್ಕೆ ಆರು ಸಲ ಹತ್ತು ಹತ್ತು ನಿಮಿಷ ಅಂತ ತುಂಡು ಮಾಡಬೇಡಿ. ಪೈಪ್ ತುಂಬಿ ಒತ್ತಡ ಬರಲು ಕೆಲವು ನಿಮಿಷ ಬೇಕು, ಆರಿಸಿದ ಮೇಲೆ ಪೈಪಿನಲ್ಲಿ ಉಳಿದ ನೀರೆಲ್ಲ ತಗ್ಗಿನ ಕಡೆಯ ಡ್ರಿಪ್ಪರ್‌ಗಳಿಂದ ಸೋರುತ್ತದೆ. ಸಣ್ಣ ಸಣ್ಣ ಸರದಿಯಲ್ಲಿ ಈ ಅಸಮತೆಯೇ ದೊಡ್ಡದಾಗುತ್ತದೆ. ಕೊನೆಯ ಡ್ರಿಪ್ಪರ್ ಸರಿಯಾಗಿ ಹನಿಯಲು 5 ನಿಮಿಷ ಬೇಕಾದರೆ ಒಂದು ಸರದಿ 20 ನಿಮಿಷಕ್ಕಿಂತ ಕಡಿಮೆ ಬೇಡ.

ಮಣ್ಣಿನ ಹತ್ತಿರ ಕೇಳಿ ತಿದ್ದುಪಡಿ ಮಾಡಿ

ಮೇಲಿನ ಲೆಕ್ಕ ಆರಂಭದ ಅಂದಾಜು. ಪ್ಯಾನ್ ಗುಣಾಂಕ, ಬೆಳೆ ಗುಣಾಂಕ, ಎರಡರಲ್ಲೂ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಹಾಗಾಗಿ ಮಣ್ಣು ಎಷ್ಟು ಒಣಗಿದೆ ಅಂತ ಅಳೆಯುವ ಎರಡು ಟೆನ್ಸಿಯೋಮೀಟರ್ ಇರಲಿ, ಒಂದು 15ರಿಂದ 20 ಸೆಂ.ಮೀ. ಆಳಕ್ಕೆ, ಇನ್ನೊಂದು 45ಕ್ಕೆ. ಡ್ರಿಪ್ಪರಿನಿಂದ ಒಂದು ಗೇಣಿನೊಳಗೆ, ಗಿಡದ ಸಾಲಿನಲ್ಲೇ ನೆಡಿ. ಸೆರಾಮಿಕ್ ತುದಿಗೂ ಮಣ್ಣಿಗೂ ನಡುವೆ ಗಾಳಿ ಉಳಿಯಬಾರದು, ಉಳಿದರೆ ಅಂಕಿ ಸುಳ್ಳು ಹೇಳುತ್ತದೆ. ಅಂಕಿ ಏರಿದಷ್ಟೂ ಮಣ್ಣು ಒಣಗಿದೆ ಅಂತ ಅರ್ಥ.

ನೀರು ಬಿಡುವ ಮುಂಚೆ ಮೇಲಿನದು ಮರಳುಗೋಡಿನಲ್ಲಿ 20 ಸೆಂಟಿಬಾರ್ ಆಸುಪಾಸು, ಜೇಡಿಗೋಡಿನಲ್ಲಿ 30ರ ಆಸುಪಾಸು ಇದ್ದರೆ ಸರಿಯಾಗಿದೆ. ನಿಜವಾದ ಕಥೆ ಹೇಳೋದು ಕೆಳಗಿನದು. ಅದು ದಿನವಿಡೀ 10ರ ಒಳಗೇ ನಿಂತಿದ್ದರೆ ನೀರು ಬೇರು ದಾಟಿ ಇಳಿಯುತ್ತಿದೆ, ನಿಮಿಷವನ್ನು ನೂರಕ್ಕೆ ಹತ್ತು ಇಳಿಸಿ. ದಿನದಿಂದ ದಿನಕ್ಕೆ ಏರುತ್ತಾ ಹೋದರೆ ನೀವು ಕೊಡುತ್ತಿರೋದು ಸಾಲುತ್ತಿಲ್ಲ, ಗಿಡ ಆಳದ ಉಳಿತಾಯ ತಿನ್ನುತ್ತಿದೆ, ನೂರಕ್ಕೆ ಹತ್ತು ಏರಿಸಿ. ಮೂರ್ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಮೇಲಿನದು ಬಹಳ ಏರಿಳಿದು ಕೆಳಗಿನದು ಒದ್ದೆಯಾಗೇ ಇದ್ದರೆ ಒಟ್ಟು ನೀರು ಸಾಕಾಗಿದೆ, ಸರದಿ ಮಾತ್ರ ಇನ್ನೊಂದು ಹೆಚ್ಚಿಸಬೇಕು. ಉಪಕರಣ ಇಲ್ಲದಿದ್ದರೆ ಅದೇ ಗುಂಡಿಯನ್ನು ವಾರಕ್ಕೊಮ್ಮೆ ಬೇರೆ ಬೇರೆ ಕಡೆ ತೋಡಿ, ಒಂದು ಅಡಿ ಆಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಿ. ಉಂಡೆ ಕಟ್ಟಬೇಕು, ಅಂಗೈಗೆ ತೇವ ಅಂಟಬೇಕು, ಆದರೆ ನೀರು ಜಿನುಗಬಾರದು.

ಮಧ್ಯಾಹ್ನ ಎಲೆ ಸ್ವಲ್ಪ ಬಾಡಿದ ಮಾತ್ರಕ್ಕೆ ಗಾಬರಿಯಾಗಿ ಪಂಪ್ ಹಾಕಬೇಡಿ. ಸುಡುಬಿಸಿಲಿನಲ್ಲಿ ಬೇರು ಎಳೆಯೋದಕ್ಕಿಂತ ಎಲೆ ಕಳೆದುಕೊಳ್ಳೋದು ಜಾಸ್ತಿ. ಸಂಜೆಗೆ ಚೇತರಿಸಿಕೊಂಡರೆ ತೊಂದರೆ ಇಲ್ಲ. ಬೆಳಿಗ್ಗೆಯೂ ಬಾಡಿದ್ದರೆ ಮೊದಲು ಮಣ್ಣು ಮುಟ್ಟಿ ನೋಡಿ, ಯಾಕಂದರೆ ಕೆಸರಲ್ಲಿ ಉಸಿರು ಕಟ್ಟಿದ ಬೇರಿನ ಗಿಡವೂ, ಸೊರಗು ರೋಗ ಬಂದ ಗಿಡವೂ ಹೀಗೇ ಬಾಡುತ್ತವೆ. ಕಾಯಿಯ ತುದಿ ಕಪ್ಪಾಗಿ ಕೊಳೆಯೋದು, ಕಾಯಿ ಸೀಳೋದು ಕಂಡರೆ ಒಟ್ಟು ನೀರಿಗಿಂತ ಏರಿಳಿತದ ಮೇಲೆ ಅನುಮಾನಪಡಿ. ಮೂರು ದಿನ ಒಣಗಿಸಿ ನಾಲ್ಕನೇ ದಿನ ತುಂಬಿಸಿದ ಹೊಲದಲ್ಲಿ ಇವೆರಡೂ ಜಾಸ್ತಿ.

ಮಳೆ ಬಂದರೆ 5 ಮಿ.ಮೀ. ಒಳಗಿನದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದಕ್ಕಿಂತ ಜಾಸ್ತಿಯಾದರೆ ಆ ದಿನ ಬಿಟ್ಟು, ಮರುದಿನ ಟೆನ್ಸಿಯೋಮೀಟರ್ ನೋಡಿ ಮತ್ತೆ ಶುರು ಮಾಡಿ. ಮಲ್ಚಿಂಗ್ ಶೀಟ್ ಇರುವಲ್ಲಿ ಬಹಳಷ್ಟು ಮಳೆ ಸಾಲಿನ ನಡುವೆ ಹರಿದುಹೋಗುತ್ತದೆ, ಏರುಮಡಿ ಒಳಗೆ ಒಣಗಿಯೇ ಇರಬಹುದು, ಕೈ ಹಾಕದೆ ನಂಬಬೇಡಿ.

ನೀರು ಸವಳಾಗಿದ್ದರೆ ಉಪ್ಪು ತೊಳೆಯಲು ಸ್ವಲ್ಪ ಜಾಸ್ತಿ ಬಿಡಬೇಕು ಅನ್ನೋದು ನಿಜ. ಆದರೆ ನೀರಿನ ಉಪ್ಪಿನ ಅಳತೆಯಾದ ಇಸಿ ಮೀಟರಿಗೆ 1.5 ಡೆಸಿಸೀಮೆನ್ಸ್ ಇದ್ದರೆ ಟೊಮೆಟೊಗೆ ಬೇಕಾದದ್ದು ನೂರಕ್ಕೆ ಸುಮಾರು 6 ಅಷ್ಟೇ. ಸಮತೆಗಾಗಿ ಭಾಗಿಸಿದಾಗ ಅದಕ್ಕಿಂತ ಜಾಸ್ತಿ ಆಗಲೇ ಸೇರಿದೆ. ಅದರ ಮೇಲೆ ಇನ್ನೊಂದು ಸಲ ಸೇರಿಸಬೇಡಿ.

ಬೆಳೆಯ ಕೊನೆಯ 30 ದಿನದಲ್ಲಿ ಗುಣಾಂಕವನ್ನು 1.15ರಿಂದ 0.8ಕ್ಕೆ ವಾರವಾರಕ್ಕೆ ಇಳಿಸುತ್ತಾ ಬನ್ನಿ, ಒಂದೇ ದಿನ ಕತ್ತರಿಸಬೇಡಿ. ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಾ ನೆರಳಿನ ಪಟ್ಟಿ ಕಿರಿದಾಗುವುದು ಟೇಪ್‌ನಲ್ಲೇ ಕಾಣುತ್ತದೆ, ಅದರ ಜೊತೆಗೇ ನಿಮಿಷ ಇಳಿಸಿ. ಕೊನೆಯ ಕೊಯ್ಲಿಗೆ ಒಂದು ವಾರ ಇರುವಾಗ ಬಿಡಿ ಕಾಯಿಗಳಷ್ಟೇ ಉಳಿದಿದ್ದರೆ ಮಧ್ಯಾಹ್ನದ ಸರದಿಯನ್ನು ಪೂರ್ತಿ ನಿಲ್ಲಿಸಬಹುದು.